ಚಿನ್ನದ ಲೆಕ್ಕ ಯಾವ ವರ್ಷದಿಂದ?

ಮಳವಳ್ಳಿಯ ನಮ್ಮ ಚಿಕ್ಕಪ್ಪ ಕಬ್ಬಿನ ದುಡ್ಡೆಲ್ಲ ಚಿನ್ನಕ್ಕೆ ಹಾಕ್ತೀನಿ ಅಂತಿದ್ದಾರೆ. "2000ದಿಂದ 2020ಕ್ಕೆ ಹನ್ನೊಂದು ಪಟ್ಟು ಆಗದೆ ಕಣಪ್ಪ!"

ನಿಜವೇ. ಹತ್ತು ಗ್ರಾಂನ ವಾರ್ಷಿಕ ಸರಾಸರಿ ಬೆಲೆ ಸುಮಾರು 4,400 ರೂಪಾಯಿ ಇದ್ದದ್ದು 48,650 ಆಯ್ತು. ಕೊನೆಯ ಬೆಲೆಯನ್ನು ಮೊದಲಿನದರಿಂದ ಭಾಗಿಸಿ, ಇಪ್ಪತ್ತನೇ ಮೂಲ ತೆಗೆದು, ಒಂದು ಕಳೆಯಿರಿ:

```
(48650/4400)^(1/20) - 1 = 0.128
```

ವರ್ಷಕ್ಕೆ ಶೇ. 12.8, ಚಕ್ರಬಡ್ಡಿಯ ಹಾಗೆ.

ಈಗ ಅದೇ ಇಪ್ಪತ್ತು ವರ್ಷವನ್ನು 1980ರಿಂದ ಎಣಿಸಿ. ಸುಮಾರು 1,330 ರೂಪಾಯಿ 4,400 ಆಗಿದೆ, ಬರೋದು ಶೇ. 6.2 ಅಷ್ಟೇ. 1980ರ ಜನವರಿಯಲ್ಲಿ ಚಿನ್ನ ಔನ್ಸಿಗೆ 850 ಡಾಲರ್ ಮುಟ್ಟಿತ್ತು, 2000ದಲ್ಲಿ 300ಕ್ಕಿಂತ ಕೆಳಗಿತ್ತು. ರೂಪಾಯಿ ಕುಸಿದದ್ದಕ್ಕೇ ನಮಗೆ ಅಷ್ಟಾದರೂ ಸಿಕ್ಕಿದ್ದು. ಚಿಕ್ಕಪ್ಪನ ಲೆಕ್ಕ ಶುರುವಾಗೋದು ಆ ತಳದಿಂದ; ಅವರು ಕೊಳ್ಳೋದು ಮಾತ್ರ ಇವತ್ತಿನ ಬೆಲೆಗೆ, ಅದರ ಮೇಲೆ ಮಜೂರಿ ಬೇರೆ.