ಪರದೆಯ ಮೇಲಿನ ಚುಕ್ಕೆ: ಸತ್ತ ಪಿಕ್ಸೆಲ್ಲೋ, ಸಿಕ್ಕಿಕೊಂಡ ಪಿಕ್ಸೆಲ್ಲೋ?

ಸಂಘದ ಕಚೇರಿಯ ಕಂಪ್ಯೂಟರಿನಲ್ಲಿ ಸಭೆಯ ನಡಾವಳಿ ತಿದ್ದುತ್ತಿದ್ದಾಗ, ವಾಕ್ಯದ ನಡುವೆ ಬೇಡದ ಜಾಗದಲ್ಲಿ ಒಂದು ಪೂರ್ಣವಿರಾಮ ಕಂಡಿತು. ಅಳಿಸಿದೆ, ಹೋಗಲಿಲ್ಲ. ಪುಟವನ್ನು ಮೇಲಕ್ಕೆ ಸರಿಸಿದರೆ ಅಕ್ಷರಗಳೆಲ್ಲ ಸರಿದವು, ಚುಕ್ಕೆ ಮಾತ್ರ ಇದ್ದಲ್ಲೇ ಉಳಿಯಿತು. ಕಡತಗಳಲ್ಲಿ ತಪ್ಪು ಹುಡುಕಿಯೇ ನೌಕರಿ ಮುಗಿಸಿದವನು ನಾನು. ಆದರೂ ಇದು ಬರಹದ ತಪ್ಪಲ್ಲ, ಪರದೆಯ ದೋಷ ಎಂದು ತಿಳಿಯಲು ಐದು ನಿಮಿಷ ಬೇಕಾಯಿತು. ಆಮೇಲೆ ಹುಡುಕಿದಾಗ ಅದೇ ಪರದೆಯಲ್ಲಿ ಇನ್ನೊಂದು ಹಸಿರು ಚುಕ್ಕೆಯೂ ಸಿಕ್ಕಿತು. ಒಂದು ಸರಿಹೋಯಿತು, ಇನ್ನೊಂದು ಇಂದಿಗೂ ಇದೆ. ಇಂಥ ಚುಕ್ಕೆಯ ಬಗ್ಗೆ ಸದಸ್ಯರು ಆಗಾಗ ಕೇಳುವುದರಿಂದ ಎರಡರ ವ್ಯತ್ಯಾಸವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಇಪ್ಪತ್ತೆರಡು ಇಂಚಿನ ಸಾಮಾನ್ಯ ಎಲ್‌ಸಿಡಿ ಮಾನಿಟರ್. ಅದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್‌ಗಳಿವೆ, ಅಂದರೆ ಒಟ್ಟು 20,73,600. ಪ್ರತಿ ಪಿಕ್ಸೆಲ್ ಸುಮಾರು ಕಾಲು ಮಿಲಿಮೀಟರ್ ಅಗಲ. ಅದರೊಳಗೆ ಕೆಂಪು, ಹಸಿರು, ನೀಲಿ ಎಂದು ಮೂರು ಸಣ್ಣ ಕಿಂಡಿಗಳು. ಹಿಂದೆ ಸದಾ ಬಿಳಿ ದೀಪ ಉರಿಯುತ್ತಿರುತ್ತದೆ. ಆ ಬೆಳಕನ್ನು ಎಷ್ಟು ಬಿಡಬೇಕೆಂಬುದನ್ನು ಪ್ರತಿ ಕಿಂಡಿಗೂ ಇರುವ ಒಂದೊಂದು ಪುಟ್ಟ ಟ್ರಾನ್ಸಿಸ್ಟರ್ ನಿಯಂತ್ರಿಸುತ್ತದೆ. ಮೂರೂ ತೆರೆದರೆ ಬಿಳಿ, ಮೂರೂ ಮುಚ್ಚಿದರೆ ಕಪ್ಪು. ಇಂಥ ಅರವತ್ತೆರಡು ಲಕ್ಷಕ್ಕೂ ಮೀರಿದ ಕಿಂಡಿಗಳಲ್ಲಿ ಒಂದೆರಡು ಕೆಟ್ಟಿದ್ದರೆ ಆಶ್ಚರ್ಯವೇನಿಲ್ಲ.

ಕಿಂಡಿ ತೆರೆದೇ ಉಳಿದು ಸದಾ ಬೆಳಗುತ್ತಿದ್ದರೆ ಅದನ್ನು ಸಿಕ್ಕಿಕೊಂಡ ಪಿಕ್ಸೆಲ್, ಸ್ಟಕ್ ಪಿಕ್ಸೆಲ್ ಎನ್ನುತ್ತಾರೆ. ಎಂದೂ ತೆರೆಯದೆ ಕಪ್ಪಾಗಿಯೇ ಇದ್ದರೆ ಸತ್ತ ಪಿಕ್ಸೆಲ್, ಅಂದರೆ ಡೆಡ್ ಪಿಕ್ಸೆಲ್. ಹೇಳಲು ಇಷ್ಟೇ. ಆದರೆ ಕಣ್ಣಿಗೆ ಕಾಣುವ ಬಣ್ಣವನ್ನು ನೋಡಿಯೇ ತೀರ್ಮಾನಿಸಿದರೆ ಮೋಸಹೋಗುತ್ತೇವೆ. ಬಿಳಿ ಪುಟದ ಮೇಲೆ ನೇರಳೆಗೆಂಪು ಚುಕ್ಕೆ ಕಂಡರೆ "ಬಣ್ಣ ಇದೆಯಲ್ಲ, ಸಿಕ್ಕಿಕೊಂಡಿರಬೇಕು" ಎನಿಸುತ್ತದೆ. ನಿಜವಾಗಿ ಅಲ್ಲಿ ಹಸಿರು ಕಿಂಡಿ ಸತ್ತಿದೆ. ಉಳಿದ ಕೆಂಪು ಮತ್ತು ನೀಲಿ ಕೂಡಿ ಆ ಬಣ್ಣ ಕಾಣುತ್ತಿದೆ. ಹಾಗೆಯೇ ಸಿಕ್ಕಿಕೊಂಡ ಹಸಿರು ಕಿಂಡಿ ಬಿಳಿ ಪುಟದಲ್ಲಿ ಕಾಣಿಸುವುದೇ ಇಲ್ಲ, ಏಕೆಂದರೆ ಬಿಳಿಗೆ ಹಸಿರು ಹೇಗೂ ಬೇಕೇ ಬೇಕು. ದಿನವಿಡೀ ಬಿಳಿ ಪುಟದಲ್ಲೇ ಕೆಲಸ ಮಾಡುವ ನನಗೆ ಆ ಎರಡನೇ ಚುಕ್ಕೆ ಬಹುದಿನ ಕಾಣದೆ ಇದ್ದದ್ದು ಇದಕ್ಕೇ.

ಆದ್ದರಿಂದ ಇಡೀ ಪರದೆಗೆ ಒಂದೊಂದೇ ಬಣ್ಣ ತುಂಬಿ ನೋಡಬೇಕು. ಮೊದಲು ಮೆತ್ತನೆಯ ಒಣ ಬಟ್ಟೆಯಿಂದ ಪರದೆಯನ್ನು ಹಗುರವಾಗಿ ಒರೆಸಿ. ಎಷ್ಟೋ "ಸತ್ತ ಪಿಕ್ಸೆಲ್‌ಗಳು" ಇಷ್ಟಕ್ಕೇ ಹೊರಟುಹೋಗುತ್ತವೆ. ಬಳಿಕ ಬ್ರೌಸರಿನ ವಿಳಾಸ ಬರೆಯುವ ಜಾಗದಲ್ಲಿ ಈ ಸಾಲನ್ನು ಟೈಪ್ ಮಾಡಿ ಎಂಟರ್ ಒತ್ತಿ:

```
data:text/html,<body bgcolor=black>
```

ಇಂಟರ್ನೆಟ್ ಇಲ್ಲದಿದ್ದರೂ ಇದು ನಡೆಯುತ್ತದೆ. F11 ಒತ್ತಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ. ಮತ್ತೆ F11 ಒತ್ತಿದರೆ ಹಿಂದಿನಂತಾಗುತ್ತದೆ. ನಂತರ `black` ಇದ್ದಲ್ಲಿ `white`, `red`, `lime`, `blue` ಎಂದು ಒಂದೊಂದಾಗಿ ಬದಲಾಯಿಸಿ. ಹಸಿರಿಗೆ `green` ಎಂದು ಬರೆಯಬೇಡಿ, ಅದು ಮಬ್ಬು ಹಸಿರು. ಪೂರ್ಣ ಹಸಿರಿಗೆ `lime` ಎಂದೇ ಬರೆಯಬೇಕು.

ನಮ್ಮ ಪರದೆಯ ಒಂದನೇ ಚುಕ್ಕೆ ಬಿಳಿ, ಕೆಂಪು, ಹಸಿರು, ನೀಲಿ ಈ ನಾಲ್ಕರಲ್ಲೂ ಕಪ್ಪಾಗಿಯೇ ಇತ್ತು. ಅಂದರೆ ಮೂರು ಕಿಂಡಿಗಳೂ ಸತ್ತಿವೆ. ಎರಡನೆಯದು ಕಪ್ಪು ಪರದೆಯಲ್ಲಿ ಹಸಿರಾಗಿ, ಕೆಂಪಿನಲ್ಲಿ ಹಳದಿಯಾಗಿ, ನೀಲಿಯಲ್ಲಿ ತಿಳಿನೀಲಿಯಾಗಿ ಕಂಡು, ಬಿಳಿ ಮತ್ತು ಹಸಿರಿನಲ್ಲಿ ಮಾಯವಾಯಿತು. ಇದು ಸಿಕ್ಕಿಕೊಂಡ ಹಸಿರು ಕಿಂಡಿ. ನೆನಪಿಡಬೇಕಾದ್ದು ಒಂದೇ: ಕಪ್ಪು ಪರದೆಯಲ್ಲಿ ಹೊಳೆಯುವುದು ಸಿಕ್ಕಿಕೊಂಡದ್ದು, ಕಪ್ಪಿನಲ್ಲಿ ಕಾಣದೆ ಬಿಳಿ ಪರದೆಯಲ್ಲಿ ಕಾಣುವುದು ಸತ್ತದ್ದು.

ಇನ್ನು ರಿಪೇರಿಯ ಮಾತು. ಸತ್ತದ್ದಕ್ಕೆ ಮನೆಮದ್ದಿಲ್ಲ. ಟ್ರಾನ್ಸಿಸ್ಟರ್ ಗಾಜಿನ ಪದರಗಳ ನಡುವೆ ಇರುತ್ತದೆ, ಅಂಗಡಿಯವರೂ ಅದನ್ನು ಬಿಚ್ಚಿ ಬದಲಾಯಿಸಲಾರರು. ಇಡೀ ಪ್ಯಾನೆಲ್ಲನ್ನೇ ಬದಲಾಯಿಸಬೇಕು. ಮಾನಿಟರ್ ಬೆಲೆಯಲ್ಲಿ ದೊಡ್ಡ ಪಾಲು ಪ್ಯಾನೆಲ್ಲಿನದೇ ಆದ್ದರಿಂದ ವಾರಂಟಿ ಮುಗಿದ ಮೇಲೆ ಅದು ಲಾಭದ ಮಾತಲ್ಲ. ಸತ್ತ ಚುಕ್ಕೆಯನ್ನು ಸರಿಮಾಡಿಕೊಡುತ್ತೇನೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಸಿಕ್ಕಿಕೊಂಡದ್ದಕ್ಕೆ ಪ್ರಯತ್ನಿಸಬಹುದು. ಆ ಜಾಗದಲ್ಲಿ ಬಣ್ಣಗಳನ್ನು ಅತಿ ವೇಗವಾಗಿ ಬದಲಾಯಿಸುತ್ತಾ ಕಿಂಡಿಯನ್ನು ಪದೇ ಪದೇ ತೆರೆದು ಮುಚ್ಚಿಸುವುದು ಇದರ ಉಪಾಯ. JScreenFix ಎಂಬ ಜಾಲತಾಣ ಇದನ್ನು ಉಚಿತವಾಗಿ ಮಾಡುತ್ತದೆ. ಅಲ್ಲಿ ಮಿನುಗುವ ಒಂದು ಚೌಕ ಬರುತ್ತದೆ; ಅದನ್ನು ಎಳೆದು ಚುಕ್ಕೆಯ ಮೇಲೆ ಕೂರಿಸಿ ಕನಿಷ್ಠ ಹತ್ತು ನಿಮಿಷ ಬಿಡಬೇಕು. ಅದರ ಮುಂದೆ ಕೂತು ನೋಡುತ್ತಿರಬೇಡಿ. ಮೂರ್ಛೆರೋಗ ಇರುವವರು ಆ ಕೋಣೆಯಲ್ಲೇ ಇರಬಾರದು, ಮಿನುಗುವ ಬೆಳಕು ಅವರಿಗೆ ಅಪಾಯಕಾರಿ. ನಾನು ಮೊದಲ ದಿನ ಅರ್ಧ ಗಂಟೆ ಬಿಟ್ಟೆ, ಏನೂ ಆಗಲಿಲ್ಲ. ಮರುದಿನ ಎರಡು ಗಂಟೆ ಬಿಟ್ಟು ಊಟ ಮುಗಿಸಿ ಬಂದು ನೋಡಿದರೆ ಹಸಿರು ಚುಕ್ಕೆ ಇರಲಿಲ್ಲ. ಮೂರು ವಾರದ ಮೇಲೆ ಮತ್ತೆ ಬಂತು. ಇನ್ನೊಮ್ಮೆ ಮಾಡಿದೆ, ಆಮೇಲೆ ಬಂದಿಲ್ಲ. ಹೀಗೆ ಎಲ್ಲರಿಗೂ ಆಗುತ್ತದೆಂಬ ಖಾತರಿ ಇಲ್ಲ. ಟ್ರಾನ್ಸಿಸ್ಟರೇ ಸುಟ್ಟು ಶಾರ್ಟ್ ಆಗಿದ್ದರೆ ಎಷ್ಟು ಮಿನುಗಿಸಿದರೂ ಪ್ರಯೋಜನವಿಲ್ಲ. ಎರಡು ಮೂರು ದಿನ ನೋಡಿ ಬಿಟ್ಟುಬಿಡುವುದು ಲೇಸು.

ಒದ್ದೆ ಬಟ್ಟೆ ಸುತ್ತಿದ ಪೆನ್ನಿನ ಮೊಂಡು ತುದಿಯಿಂದ ಚುಕ್ಕೆಯನ್ನು ಒತ್ತಿ ಹಿಡಿಯುವ ಇನ್ನೊಂದು ವಿಧಾನವೂ ಪ್ರಚಾರದಲ್ಲಿದೆ. ಕೆಲವೊಮ್ಮೆ ಫಲಿಸುತ್ತದೆ ನಿಜ. ಆದರೆ ಒತ್ತಡ ಹೆಚ್ಚಾದರೆ ಅಕ್ಕಪಕ್ಕದ ಪಿಕ್ಸೆಲ್‌ಗಳೂ ಹಾಳಾಗಿ ಅಲ್ಲಿ ಶಾಶ್ವತ ಕಲೆ ಉಳಿಯುತ್ತದೆ. ವಾರಂಟಿ ಇರುವಾಗಲಂತೂ ಬೇಡ, ಒತ್ತಿದ ಗುರುತು ಕಂಡರೆ ಕಂಪನಿಯವರು ನಿಮ್ಮದೇ ತಪ್ಪು ಎನ್ನುತ್ತಾರೆ. ಓಎಲ್‌ಇಡಿ ಪರದೆಯ ಮೊಬೈಲ್‌ಗಳಲ್ಲಿ ಹಿಂದೆ ದೀಪವೇ ಇಲ್ಲ, ಪ್ರತಿ ಕಿಂಡಿ ತಾನೇ ಬೆಳಗುತ್ತದೆ; ಅವನ್ನು ಒತ್ತುವುದರಿಂದ ನಷ್ಟವೇ ಹೊರತು ಲಾಭವಿಲ್ಲ.

ಒಂದು ಅಪವಾದ ಹೇಳಲೇಬೇಕು. ಹಳೆಯ, ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಟಿಎನ್ ಎಂಬ ಬಗೆಯ ಪ್ಯಾನೆಲ್ ಹೆಚ್ಚು. ಕೆಳಗಿನಿಂದ ನೋಡಿದರೆ ಬಣ್ಣಗಳು ತಿರುವುಮುರುವಾಗಿ ಕಾಣುತ್ತವೆ, ಗುರುತು ಅದೇ. ಅವುಗಳಲ್ಲಿ ವಿದ್ಯುತ್ ಬಾರದ ಕಿಂಡಿ ಮುಚ್ಚಿಕೊಳ್ಳುವುದಿಲ್ಲ, ತೆರೆದೇ ಇರುತ್ತದೆ. ಹೀಗಾಗಿ ಅಲ್ಲಿ ಸತ್ತದ್ದೂ ಹೊಳೆಯಬಹುದು. ಮಿನುಗಿಸಿದರೂ ಜಗ್ಗದ ಹೊಳೆಯುವ ಚುಕ್ಕೆಗೆ ಹಲವೊಮ್ಮೆ ಇದೇ ಕಾರಣ.

ವಾರಂಟಿಯನ್ನು ನಂಬಿ ಕೂತವರಿಗೆ ಒಂದು ಮಾತು. ಒಂದೇ ಚುಕ್ಕೆಗೆ ಹೆಚ್ಚಿನ ಕಂಪನಿಗಳು ಪರದೆ ಬದಲಾಯಿಸಿಕೊಡುವುದಿಲ್ಲ. 2001ರ ISO 13406-2 ಮಾನದಂಡದ ಎರಡನೇ ವರ್ಗದಲ್ಲಿ ಹತ್ತು ಲಕ್ಷ ಪಿಕ್ಸೆಲ್‌ಗೆ ಪೂರ್ತಿ ಬೆಳಗುವವು ಎರಡು, ಪೂರ್ತಿ ಕಪ್ಪಾದವು ಎರಡು, ಬಿಡಿ ಕಿಂಡಿಯ ದೋಷ ಐದು ಇರಬಹುದೆಂದಿತ್ತು. ನಮ್ಮಂಥ ಪರದೆಗೆ ಲೆಕ್ಕ ಹಾಕಿದರೆ ನಾಲ್ಕು, ನಾಲ್ಕು, ಹತ್ತು. ಈಗ ಅದರ ಜಾಗದಲ್ಲಿ ISO 9241-307 ಇದೆ, ಕಂಪನಿಗಳ ನಿಯಮವೂ ಬೇರೆ ಬೇರೆ. ಬಿಲ್ಲಿನ ಜೊತೆಗಿನ ಕಾಗದದಲ್ಲಿ ಪಿಕ್ಸೆಲ್ ಕುರಿತ ಸಾಲನ್ನು ಹುಡುಕಿ ಓದಿ. ನಮ್ಮಲ್ಲಿ ಅನೇಕರು ಗಡಿ ದಾಟಿ ದೊಡ್ಡ ಊರಿನಲ್ಲಿ ಕೊಂಡು ತರುತ್ತೇವೆ, ಒಂದು ಚುಕ್ಕೆಗಾಗಿ ಅಷ್ಟು ದೂರ ಮರಳಿ ಹೋಗುವುದು ಕಷ್ಟ. ಕೊಳ್ಳುವ ದಿನವೇ ಅಂಗಡಿಯಲ್ಲಿ ಪರದೆ ಹಚ್ಚಿಸಿ ಆ ಐದು ಬಣ್ಣಗಳನ್ನು ನೋಡಿಬಿಡಿ. ಹಣ ಕೊಡುವ ಮುಂಚೆ ಬೇರೆ ಪೆಟ್ಟಿಗೆ ತೆಗೆಸುವುದು ಸುಲಭ.