ನಾಳೆ ಕೊನೆಯ ದಿನ, ಇವತ್ತು ರಾತ್ರಿ ಅಪ್‌ಗ್ರೇಡ್: ಈ ಕೆಲಸ ಏಕೆ ಬೇಡ?

"ಅಪ್‌ಡೇಟ್ ಬಂದ ತಕ್ಷಣ ಹಾಕಿಕೊಳ್ಳಿ" ಎನ್ನುವವರು ಒಂದು ಕಡೆ, "ಅಪ್‌ಡೇಟ್ ಮಾಡಲೇಬೇಡಿ, ಫೈಲ್ ಎಲ್ಲಾ ಹೋಗುತ್ತೆ" ಎನ್ನುವವರು ಇನ್ನೊಂದು ಕಡೆ. ಎರಡೂ ಅರ್ಧ ಸತ್ಯ. ಅಪ್‌ಡೇಟ್ ಬೇಕು. ಆದರೆ ಯಾವುದನ್ನು, ಯಾವಾಗ ಎಂಬುದೇ ಮುಖ್ಯ.

ಎರಡು ಬಗೆಯ ಅಪ್‌ಡೇಟ್

ವಿಂಡೋಸ್‌ನಲ್ಲಿ ಪ್ರತಿ ತಿಂಗಳು ಬರುವುದು ಸುರಕ್ಷತಾ ಅಪ್‌ಡೇಟ್. ಇದು ಚಿಕ್ಕದು, ಪತ್ತೆಯಾದ ದೋಷಗಳನ್ನು ಮುಚ್ಚುತ್ತದೆ. ದೊಡ್ಡ ಅಪ್‌ಗ್ರೇಡ್ ಎಂದರೆ ಇಡೀ ಆಪರೇಟಿಂಗ್ ಸಿಸ್ಟಮ್ ಬದಲಾದಂತೆ. ಹಳೆಯ ವಿಂಡೋಸ್ ಅನ್ನು ಪಕ್ಕಕ್ಕೆ ಇಟ್ಟು, ಹೊಸದನ್ನು ಹಾಕಿ, ನಿಮ್ಮ ಫೈಲು, ಪ್ರೋಗ್ರಾಂ, ಸೆಟ್ಟಿಂಗ್‌ಗಳನ್ನು ಅದರೊಳಗೆ ಸಾಗಿಸುತ್ತದೆ. ಒಂದು ಹಂತದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಪರದೆಯ ಮೇಲೆ ಬರೀ ಶೇಕಡಾವಾರು ಕಾಣುತ್ತದೆ. ಅದು ಮುಗಿಯುವವರೆಗೆ ನೀವು ಏನೂ ಮಾಡುವಂತಿಲ್ಲ.

2018ರಲ್ಲಿ ಆದದ್ದೇನು?

2018ರ ಅಕ್ಟೋಬರ್ 2ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ 1809 ಆವೃತ್ತಿ ಬಿಡುಗಡೆ ಮಾಡಿತು. ಕೆಲವರ ಫೈಲ್‌ಗಳು ಅಳಿಸಿಹೋದವು ಎಂಬ ದೂರು ಬಂದು, ಕೆಲವೇ ದಿನಗಳಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಕಾರಣ ಹೀಗಿತ್ತು: ಕೆಲವರು Documents ಫೋಲ್ಡರ್‌ನ ಜಾಗವನ್ನು C ಡ್ರೈವ್‌ನಿಂದ D ಡ್ರೈವ್‌ಗೆ ಬದಲಿಸಿದ್ದರು, ಆದರೆ ಹಳೆಯ ಫೋಲ್ಡರ್‌ನಲ್ಲೂ ಫೈಲ್‌ಗಳು ಉಳಿದಿದ್ದವು. ಆ ಹಳೆಯ ಫೋಲ್ಡರ್ ಖಾಲಿ ಇದೆ ಎಂದು ಭಾವಿಸಿದ ಅಪ್‌ಗ್ರೇಡ್ ಅದನ್ನು ಅಳಿಸಿತು. ತೊಂದರೆಯಾದವರು ಬಹಳ ಕಡಿಮೆ ಮಂದಿ. ಸರಿಪಡಿಸಿದ ಆವೃತ್ತಿ ಮತ್ತೆ ಬಂದದ್ದು ನವೆಂಬರ್ 13ಕ್ಕೆ. ಆರು ವಾರ ಕಾದವರಿಗೆ ಈ ತೊಂದರೆಯೇ ಇರಲಿಲ್ಲ.

ರಾತ್ರಿಯ ಲೆಕ್ಕಾಚಾರ

ನೀವು ಸುಗಟೂರಿನಲ್ಲಿದ್ದೀರಿ, ಸೋಮವಾರ ಬೆಳಿಗ್ಗೆ 10ಕ್ಕೆ ಕೋಲಾರದ ಕಾಲೇಜಿಗೆ ಪ್ರಾಜೆಕ್ಟ್ ವರದಿ ಕೊಡಬೇಕು ಎಂದುಕೊಳ್ಳಿ. ಭಾನುವಾರ ರಾತ್ರಿ 11ಕ್ಕೆ ಅಪ್‌ಗ್ರೇಡ್ ಶುರು ಮಾಡಿದಿರಿ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಗಂಟೆಗಟ್ಟಲೆ ಹಿಡಿಯಬಹುದು. ನಡುವೆ ಕರೆಂಟ್ ಹೋದರೆ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಅರ್ಧದಲ್ಲೇ ನಿಲ್ಲುತ್ತದೆ. ಸಾಮಾನ್ಯವಾಗಿ ವಿಂಡೋಸ್ ತಾನೇ ಹಳೆಯ ಸ್ಥಿತಿಗೆ ಮರಳುತ್ತದೆ, ಆದರೆ ಅದಕ್ಕೂ ಸಮಯ ಬೇಕು. ಎಲ್ಲಾ ಸರಿಯಾಗಿ ಮುಗಿದರೂ, ಬೆಳಿಗ್ಗೆ ಹಳೆಯ ಪ್ರಿಂಟರ್ ಕೆಲಸ ಮಾಡದೇ ಇರಬಹುದು, ಅದರ ಡ್ರೈವರ್ ಹೊಸ ಆವೃತ್ತಿಗೆ ಹೊಂದದೇ ಇರಬಹುದು. ಬೇರೆ ದಿನವಾಗಿದ್ದರೆ ಇದು ಸಣ್ಣ ಕಿರಿಕಿರಿ. ಅವತ್ತು ಮಾತ್ರ ಸರಿಪಡಿಸಲು ಸಮಯವೇ ಇರುವುದಿಲ್ಲ.

ಮುಂದೂಡುವುದು ಹೇಗೆ?

ಗಡುವಿಗೆ ಒಂದು ವಾರ ಮೊದಲೇ Settings ತೆರೆದು Windows Update ಗೆ ಹೋಗಿ. ಅಲ್ಲಿ Pause updates ನಲ್ಲಿ ಎಷ್ಟು ವಾರ ಎಂದು ಆರಿಸಿಕೊಳ್ಳಿ. ವಿಂಡೋಸ್ 11ರಲ್ಲಿ ಇದು ಸಾಮಾನ್ಯವಾಗಿ ಗರಿಷ್ಠ 5 ವಾರ. ಗಡುವು ದಾಟುವಷ್ಟು ದಿನ ಮಾತ್ರ ಸಾಕು. ಹೊಸ ಆವೃತ್ತಿ ಬಂದಿದೆ ಎಂದು Download and install ಕಾಣಿಸಿದರೆ ಅದನ್ನು ಈಗ ಒತ್ತಬೇಡಿ. Active hours ಎಂಬ ಆಯ್ಕೆಯೂ ಇದೆ. ಆದರೆ ಅದು ನೀವು ಕೆಲಸ ಮಾಡುವ ಹೊತ್ತಿನಲ್ಲಿ ತಾನಾಗಿ ರೀಸ್ಟಾರ್ಟ್ ಆಗುವುದನ್ನು ತಡೆಯುತ್ತದೆ ಅಷ್ಟೇ, ಅಪ್‌ಡೇಟ್ ಅನ್ನೇ ನಿಲ್ಲಿಸುವುದಿಲ್ಲ. ಕಂಪ್ಯೂಟರ್ ಆಫ್ ಮಾಡುವಾಗ Update and shut down ಜೊತೆಗೆ ಬರೀ Shut down ಕೂಡ ಕಂಡರೆ ಎರಡನೆಯದನ್ನು ಒತ್ತಿ.

ಹಾಗಾದರೆ ಯಾವಾಗ ಮಾಡಬೇಕು?

ಕೆಲಸ ಒಪ್ಪಿಸಿದ ಮೇಲೆ, ಮುಂದಿನ ಎರಡು ದಿನ ತುರ್ತು ಇಲ್ಲದ ಬೆಳಿಗ್ಗೆ ಶುರು ಮಾಡಿ. ಮೊದಲು ಮುಖ್ಯ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಕಾಪಿಯಾದ ಒಂದು ಫೈಲ್ ತೆರೆದು ನೋಡಿ. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ಹಾಕಿಡಿ. ಮುಗಿದ ಮೇಲೆ ಪ್ರಿಂಟರ್, ಕನ್ನಡ ಟೈಪಿಂಗ್, ನಿತ್ಯ ಬಳಸುವ ಪ್ರೋಗ್ರಾಂ ಪರೀಕ್ಷಿಸಿ. ಸರಿ ಇಲ್ಲದಿದ್ದರೆ System, Recovery ಯಲ್ಲಿ Go back ಒತ್ತಿ ಹಳೆಯ ಆವೃತ್ತಿಗೆ ಮರಳಬಹುದು. ಈ ಅವಕಾಶ ಸಾಮಾನ್ಯವಾಗಿ 10 ದಿನ ಮಾತ್ರ. ಅಳಿಸಿಹೋದ ಫೈಲ್‌ಗೆ ಇದು ಬ್ಯಾಕಪ್ ಅಲ್ಲ.

ಅಪ್‌ಗ್ರೇಡ್ ಈಗಾಗಲೇ ಶುರುವಾಗಿದೆಯೇ? ಶೇಕಡಾವಾರು ನಿಂತಂತೆ ಕಂಡರೂ ಗಾಬರಿಯಾಗಿ ಪವರ್ ಆಫ್ ಮಾಡಬೇಡಿ. ವರದಿಯ ಒಂದು ಪ್ರತಿ ನಿಮ್ಮ ಇಮೇಲ್‌ನಲ್ಲಿದ್ದರೆ ಫೋನ್‌ನಿಂದಲೇ ಕಳಿಸಬಹುದು. ಹಾಗಾಗಿ ಗಡುವಿನ ಹಿಂದಿನ ದಿನ ನಿಮಗೆ ನೀವೇ ಒಂದು ಇಮೇಲ್ ಕಳಿಸಿಕೊಂಡಿರಿ.

ಪೂರ್ತಿ ನಿಲ್ಲಿಸಿಬಿಟ್ಟರೆ?

ಅದೂ ತಪ್ಪು. 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿದ ವಾನ್ನಾಕ್ರೈ ವೈರಸ್ ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲೇ ಅಪ್‌ಡೇಟ್ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. Pause ಒತ್ತಿದರೆ ಸುರಕ್ಷತಾ ಅಪ್‌ಡೇಟ್ ಕೂಡ ನಿಲ್ಲುತ್ತದೆ. ಆದ್ದರಿಂದ ಕೆಲಸ ಒಪ್ಪಿಸಿದ ದಿನವೇ Resume updates ಒತ್ತಿ.

ತೀರ್ಮಾನ: ದೊಡ್ಡ ಅಪ್‌ಗ್ರೇಡ್ ಅನ್ನು ಕೆಲವು ವಾರ ಮುಂದೂಡಬಹುದು. ಸುರಕ್ಷತಾ ಅಪ್‌ಡೇಟ್ ಅನ್ನು ಗಡುವು ದಾಟುವವರೆಗೆ ಮಾತ್ರ.