ರಕ್ತದಾನ ಶಿಬಿರದಲ್ಲಿ ಬವಳಿ: ವೇಸೊವೇಗಲ್ ಮೂರ್ಛೆಯ ಕಾರ್ಯವಿಧಾನ ಮತ್ತು ಪ್ರಥಮ ಚಿಕಿತ್ಸೆ

ಸೂಜಿ ಕಂಡು ಕುಸಿದವರ ನಾಡಿ ಹಿಡಿದರೆ ಅದು ನಿಧಾನವಾಗಿಯೂ ಕ್ಷೀಣವಾಗಿಯೂ ಇರುತ್ತದೆ. ವೇಗಸ್ ನರ ಹೃದಯವನ್ನು ತಡೆಹಿಡಿದದ್ದೇ ಮೂರ್ಛೆಗೆ ಕಾರಣ ಎನ್ನುವುದು ಸಹಜವಾದ ಊಹೆ. 1932ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ ಈ ಊಹೆಯನ್ನು ಪರೀಕ್ಷೆಗೊಡ್ಡಿದರು. ಅಟ್ರೊಪಿನ್ ಕೊಟ್ಟು ವೇಗಸ್ಸಿನ ಹಿಡಿತ ಬಿಡಿಸಿದಾಗ ನಾಡಿ ಚುರುಕಾಯಿತು, ಆದರೆ ರಕ್ತದೊತ್ತಡ ಮೇಲೇರಲಿಲ್ಲ. ಹೃದಯ ನಿಧಾನವಾಗುವುದು ಕಥೆಯ ಅರ್ಧಭಾಗ ಮಾತ್ರ ಎಂಬುದು ಸ್ಪಷ್ಟವಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಾರ್‌ಕ್ರಾಫ್ಟ್ ಮತ್ತು ಎಡ್‌ಹೋಮ್ ಅವರ ತಂಡ ಸ್ವಯಂಸೇವಕರ ರಕ್ತ ತೆಗೆದು ಅಳೆದಾಗ ಉಳಿದರ್ಧವೂ ಗೋಚರಿಸಿತು: ಮೂರ್ಛೆಯ ಗಳಿಗೆಯಲ್ಲಿ ಮುಂಗೈ ಸ್ನಾಯುಗಳ ರಕ್ತನಾಳಗಳು ಸಡಿಲಗೊಂಡು ಅಲ್ಲಿ ಹರಿವು ಹೆಚ್ಚಿತ್ತು. ಹೃದಯಕ್ಕೆ ಮರಳುವ ರಕ್ತವೇ ಕಡಿಮೆಯಾಗುವುದೂ ಒತ್ತಡದ ಕುಸಿತಕ್ಕೆ ಕಾರಣವೆಂದು ಅನಂತರದ ಅಧ್ಯಯನಗಳು ಸೇರಿಸಿದವು. ಪ್ರಥಮ ಚಿಕಿತ್ಸೆಯ ತರ್ಕ ನಿಂತಿರುವುದು ಇದರ ಮೇಲೆಯೇ. ರಕ್ತ ದೇಹದೊಳಗೇ ಇದೆ, ತಲುಪಬೇಕಾದಲ್ಲಿಗೆ ತಲುಪುತ್ತಿಲ್ಲ.

ನೆತ್ತರು ಕಾಣುವುದು, ನೋವು, ಭಯ, ಸೆಕೆಯಲ್ಲಿ ಬಹಳ ಹೊತ್ತು ನಿಲ್ಲುವುದು, ಮೂತ್ರ ವಿಸರ್ಜನೆ, ಬಿಡದ ಕೆಮ್ಮು ಇವೆಲ್ಲ ಪರಿಚಿತ ಪ್ರಚೋದಕಗಳು. ಇವುಗಳಲ್ಲಿ ಹಲವು ಒಟ್ಟಿಗೆ ಕೂಡಿಬರುವ ಜಾಗವೆಂದರೆ ರಕ್ತದಾನ ಶಿಬಿರ. ಉದಾಹರಣೆಗೆ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಐವತ್ತು ಕಿಲೋ ತೂಕದ ವಿದ್ಯಾರ್ಥಿನಿ, ಮೊದಲ ದಾನ, ಬೆಳಗಿನ ತಿಂಡಿ ಆಗಿಲ್ಲ, ಹೊರಗೆ ಮೇ ತಿಂಗಳ ಬಿಸಿಲು. ಕಿಲೋಗೆ 65 ಮಿಲಿಲೀಟರಿನಂತೆ ಲೆಕ್ಕ ಹಾಕಿದರೆ ಅವಳ ದೇಹದಲ್ಲಿರುವ ರಕ್ತ ಸುಮಾರು ಮೂರೂಕಾಲು ಲೀಟರ್. 350 ಮಿಲಿಲೀಟರಿನ ಒಂದು ಚೀಲವೆಂದರೆ ಅದರ ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಮಲಗಿರುವಾಗ ಅವಳಿಗೆ ಏನೂ ಅನ್ನಿಸುವುದಿಲ್ಲ. ಎದ್ದು ನಿಂತ ಕೂಡಲೇ ಇನ್ನೂ ಅರ್ಧ ಲೀಟರಿಗೂ ಮಿಗಿಲಾದ ರಕ್ತ ಹೊಟ್ಟೆ, ಕಾಲುಗಳ ಕಡೆಗೆ ಜಾರುತ್ತದೆ. ದಾನಿಗಳು ಮಂಚದ ಮೇಲೆ ಗಟ್ಟಿಯಾಗಿದ್ದು, ಬಿಸ್ಕತ್ತಿನ ಮೇಜಿನ ಬಳಿಯಲ್ಲೋ ಶೌಚಾಲಯದಲ್ಲೋ ಬೀಳುವುದು ಇದರಿಂದಲೇ.

ಬೀಳುವ ಮುನ್ನ ದೇಹ ಸುಳಿವು ಕೊಡುತ್ತದೆ. ಆಕಳಿಕೆ, ತಣ್ಣನೆಯ ಬೆವರು, ಬಿಳುಚಿದ ಮುಖ, ಓಕರಿಕೆ, ದೂರದಿಂದ ಬಂದಂತೆ ಕೇಳುವ ಮಾತು, ಅಂಚಿನಿಂದ ಕವಿಯುವ ಕತ್ತಲೆ. ಈ ಹಂತದಲ್ಲಿ ಅಲ್ಲೇ ಮಲಗಿದರೆ ಅಥವಾ ಕುಕ್ಕರುಗಾಲಲ್ಲಿ ಕೂತರೆ ಸಾಮಾನ್ಯವಾಗಿ ಪ್ರಜ್ಞೆ ತಪ್ಪುವುದಿಲ್ಲ. ನಮ್ಮ ವಿದ್ಯಾರ್ಥಿನಿ ಸಂಕೋಚದಿಂದ ನಿಂತೇ ಇದ್ದು ಕುಸಿಯುತ್ತಾಳೆ. ಗೆಳತಿಯರು ಎತ್ತಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಅಪಾಯಕಾರಿ ತಪ್ಪು ಇದೇ. ಕೂತವರ ಮಿದುಳು ಹೃದಯಕ್ಕಿಂತ ಸುಮಾರು ಮೂವತ್ತು ಸೆಂಟಿಮೀಟರ್ ಮೇಲಿರುತ್ತದೆ, ಅಷ್ಟು ಎತ್ತರಕ್ಕೆ ರಕ್ತ ಏರುವಾಗ ಪಾದರಸದ ಅಳತೆಯಲ್ಲಿ ಸುಮಾರು 23 ಮಿಲಿಮೀಟರ್ ಒತ್ತಡ ಕಳೆದುಹೋಗುತ್ತದೆ. ಹೃದಯದ ಮಟ್ಟದಲ್ಲಿ ಮೇಲಿನ ಒತ್ತಡ 60ಕ್ಕೆ ಇಳಿದಿದ್ದರೆ ಮಿದುಳಿಗೆ ಸಿಗುವುದು 37 ಮಾತ್ರ. ಮಲಗಿಸಿದರೆ ಆ 23 ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ. ಇಷ್ಟು ಬೇಗ ಇಷ್ಟು ಲಾಭ ಕೊಡುವ ಔಷಧಿ ಶಿಬಿರದ ಪೆಟ್ಟಿಗೆಯಲ್ಲಿ ಇಲ್ಲ.

ಕುರ್ಚಿಯಲ್ಲಿ ಅವಳ ಕೈಕಾಲು ಅದುರತೊಡಗುತ್ತವೆ. ಯಾರೋ ‘ಫಿಟ್ಸ್’ ಎಂದು ಕೂಗಿ ಬೀಗದ ಕೈ ಹುಡುಕುತ್ತಾರೆ. 1994ರಲ್ಲಿ ಥಾಮಸ್ ಲೆಂಪರ್ಟ್ ಮತ್ತು ಸಹೋದ್ಯೋಗಿಗಳು ಆರೋಗ್ಯವಂತರಲ್ಲಿ ಮೂರ್ಛೆ ಬರಿಸಿ ಚಿತ್ರೀಕರಿಸಿದಾಗ, ಪೂರ್ತಿ ಪ್ರಜ್ಞೆ ತಪ್ಪಿದ 42 ಮಂದಿಯಲ್ಲಿ ಶೇಕಡಾ 90ರಷ್ಟು ಜನರಲ್ಲಿ ಇಂಥ ಅದುರುವಿಕೆ ಕಂಡಿತು. ಅದು ರಕ್ತ ಸಾಲದ ಮಿದುಳಿನ ಪ್ರತಿಕ್ರಿಯೆ. ಕೆಲವು ಸೆಕೆಂಡುಗಳಲ್ಲಿ ನಿಲ್ಲುವುದು, ಎಚ್ಚರವಾದ ಮೇಲೆ ಗೊಂದಲ ಬೇಗ ಕಳೆಯುವುದು ಇವು ಅಪಸ್ಮಾರದಿಂದ ಇದನ್ನು ಬೇರ್ಪಡಿಸುತ್ತವೆ. ಕಬ್ಬಿಣ ಹಿಡಿಸುವುದರಿಂದ ಎರಡಕ್ಕೂ ಪ್ರಯೋಜನವಿಲ್ಲ.

ಹಾಗಾದರೆ ಮಾಡಬೇಕಾದದ್ದು: ನೆಲದ ಮೇಲೆ ಅಂಗಾತ ಮಲಗಿಸಿ, ಕಾಲುಗಳನ್ನು ಒಂದಡಿಯಷ್ಟು ಎತ್ತಿ ಹಿಡಿದು, ಕುತ್ತಿಗೆ ಸೊಂಟದ ಬಿಗಿ ಸಡಿಲಿಸಿ, ಗಡಿಯಾರ ನೋಡಬೇಕು. ತುಂಬು ಬಸುರಿಯಾದರೆ ಎಡಮಗ್ಗುಲಿಗೆ ಹೊರಳಿಸಬೇಕು. ಬಿದ್ದಾಗ ತಲೆಗೋ ಕುತ್ತಿಗೆಗೋ ಪೆಟ್ಟಾಗಿರುವ ಶಂಕೆ ಇದ್ದರೆ ಅಲುಗಾಡಿಸದೆ ಇರಿಸಬೇಕು. ಉಸಿರಾಟ ಸಹಜವಾಗಿದೆಯೇ ಎಂದು ಎದೆಯ ಏರಿಳಿತ ನೋಡಬೇಕು, ವಾಂತಿಯಾದರೆ ಮಗ್ಗುಲಿಗೆ ತಿರುಗಿಸಬೇಕು. ಪೂರ್ಣ ಎಚ್ಚರವಾಗುವ ಮುನ್ನ ಬಾಯಿಗೆ ನೀರು ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಬಹುತೇಕರು ಒಂದು ನಿಮಿಷದೊಳಗೆ ಕಣ್ಣು ಬಿಡುತ್ತಾರೆ. ಬಿಡದಿದ್ದರೆ 108ಕ್ಕೆ ಕರೆ ಮಾಡಬೇಕು. ಸಹಜ ಉಸಿರಿಲ್ಲದಿದ್ದರೆ ನಿಮಿಷಕ್ಕೆ ಕಾಯದೆ ಕರೆ ಮಾಡಿಸಿ ಎದೆಯೊತ್ತುವಿಕೆ ಆರಂಭಿಸಬೇಕು.

ಎಚ್ಚರವಾದವರು ನಾಚಿಕೆಯಿಂದ ತಕ್ಷಣ ಎದ್ದುಬಿಡುತ್ತಾರೆ, ಮತ್ತೆ ಬೀಳುತ್ತಾರೆ. ರಕ್ತನಾಳಗಳು ಇನ್ನೂ ಬಿಗಿಗೊಂಡಿರುವುದಿಲ್ಲ. ಹತ್ತು ನಿಮಿಷವಾದರೂ ಮಲಗಿದ್ದು, ಆಮೇಲೆ ಕೂತು, ಆಮೇಲೆ ಯಾರದಾದರೂ ತೋಳು ಹಿಡಿದು ನಿಲ್ಲಬೇಕು. ನಿಲ್ಲುವಾಗ ಕಾಲುಗಳನ್ನು ಕತ್ತರಿಯಾಕಾರದಲ್ಲಿಟ್ಟು ತೊಡೆ, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದರೆ ಕೆಳಗೆ ನಿಂತ ರಕ್ತ ಮೇಲಕ್ಕೆ ತಳ್ಳಲ್ಪಡುತ್ತದೆ. ದಾನಕ್ಕೆ ಮೊದಲೇ ಅರ್ಧ ಲೀಟರ್ ನೀರು ಕುಡಿಯುವುದೂ ಉಪಯುಕ್ತ.

ಈ ಎಲ್ಲವೂ ಪ್ರಚೋದಕ ಗೊತ್ತಿರುವ, ಮುನ್ಸೂಚನೆಯಿದ್ದ ಮೂರ್ಛೆಗೆ ಸಂಬಂಧಿಸಿದ್ದು. ಓಡುವಾಗ, ಮಲಗಿದ್ದಾಗ, ಸುಳಿವೇ ಇಲ್ಲದೆ ಅಥವಾ ಎದೆನೋವಿನೊಂದಿಗೆ ಪ್ರಜ್ಞೆ ತಪ್ಪಿದರೆ, ಮನೆತನದಲ್ಲಿ ಎಳೆಯ ವಯಸ್ಸಿನ ಹಠಾತ್ ಸಾವಾಗಿದ್ದರೆ, ಅದನ್ನು ಬವಳಿಯೆಂದು ಬಿಡದೆ ಅದೇ ದಿನ ಇಸಿಜಿ ಮಾಡಿಸಬೇಕು.